ಹೆಸರಿನ ನಡುವಿನ ಖಾಲಿ ಜಾಗ

ಕೆಲವು ವರ್ಷಗಳ ಹಿಂದೆ ಹಳೆಯ ಪುಸ್ತಕಗಳನ್ನು ಇ-ಪುಸ್ತಕ ಮಾಡುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದಿದ್ದೆ. ಅಧ್ಯಾಯಗಳನ್ನು ಜೋಡಿಸಿ, ಮುಖಪುಟ ಸೇರಿಸಿ, ಕೊನೆಗೆ ಒಂದು ಫೈಲ್ ಕಟ್ಟಿಕೊಡುವುದಷ್ಟೇ ಅದರ ಕೆಲಸ. ನನ್ನ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ತಕರಾರಿಲ್ಲದೆ ನಡೆದಿತ್ತು. ಎಂ.ಎ. ಓದುತ್ತಿದ್ದ ಒಬ್ಬ ಹುಡುಗಿ ಕೇಳಿದಳೆಂದು ಅವಳಿಗೂ ಕೊಟ್ಟೆ. ಮಾರನೆಯ ದಿನ ಫೋನ್ ಬಂತು.

"ಸರ್, ಪುಸ್ತಕ ಆಗ್ಲಿಲ್ಲ, ಏನೇನೋ ಎರರ್ ಬಂತು. ಅದಿರ್ಲಿ, ನನ್ನ Hale ಫೋಲ್ಡರ್ ಖಾಲಿಯಾಗಿದೆ. ಅದರಲ್ಲಿ ತಾತನ ಕಾಗದಗಳ ಫೋಟೋ ಇದ್ವು."

ನನ್ನ ಸ್ಕ್ರಿಪ್ಟಿಗೂ ಅವಳ Hale ಫೋಲ್ಡರಿಗೂ ಏನು ಸಂಬಂಧ? ಅವಳು ಪುಸ್ತಕದ ಕೆಲಸಕ್ಕೆ ಮಾಡಿಕೊಂಡಿದ್ದ ಫೋಲ್ಡರಿನ ಹೆಸರು Hale Pustaka. ಅದರ ಪಕ್ಕದಲ್ಲೇ, ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಫೋಲ್ಡರ್ Hale. ಸ್ಕ್ರಿಪ್ಟ್ ತೆರೆದು ನೋಡಿದೆ. ತಪ್ಪು ಈ ಮೂರು ಸಾಲುಗಳಲ್ಲಿತ್ತು.

```
OUT="/data/Hale Pustaka/out"
rm -rf $OUT
mkdir -p $OUT
```

ಮೊದಲ ಸಾಲು ಹಾದಿಯೊಂದನ್ನು OUT ಎಂಬ ವೇರಿಯಬಲ್‌ನಲ್ಲಿ ಇಡುತ್ತದೆ. ಎರಡನೆಯದು ಹಿಂದಿನ ಸಲದ ಔಟ್‌ಪುಟ್ಟನ್ನು ಅಳಿಸುತ್ತದೆ, ಮೂರನೆಯದು ಅದೇ ಜಾಗದಲ್ಲಿ ಹೊಸ ಫೋಲ್ಡರ್ ಮಾಡುತ್ತದೆ. ಹಾಗೆಂದು ನಾನು ತಿಳಿದಿದ್ದೆ. ಆದರೆ ಶೆಲ್ ಎರಡನೆಯ ಸಾಲನ್ನು ಓದುವ ಬಗೆ ಬೇರೆ. ಅದು $OUT ಇದ್ದಲ್ಲಿ ಹಾದಿಯನ್ನು ತಂದಿಡುತ್ತದೆ, ಆಮೇಲೆ ತಂದಿಟ್ಟದ್ದನ್ನು ಖಾಲಿ ಜಾಗ ಕಂಡಲ್ಲಿ ತುಂಡು ಮಾಡುತ್ತದೆ. ಹಾಗಾಗಿ rm ಕೈಗೆ ಸಿಕ್ಕಿದ್ದು ಒಂದು ಹೆಸರಲ್ಲ, ಎರಡು: `/data/Hale` ಮತ್ತು `Pustaka/out`. ಮೊದಲನೆಯದು ಇತ್ತು, ಅಳಿಸಿತು. ಎರಡನೆಯದು ಇರಲೇ ಇಲ್ಲ. -f ಎಂದಿದ್ದರಿಂದ ಇಲ್ಲದ್ದರ ಬಗ್ಗೆ rm ಚಕಾರವೆತ್ತಲಿಲ್ಲ. ಮರುಕ್ಷಣ mkdir ಅವೇ ಎರಡು ಹೆಸರುಗಳಲ್ಲಿ ಹೊಸ ಫೋಲ್ಡರುಗಳನ್ನು ಮಾಡಿತು. ಅವಳು ಕಂಡ ಖಾಲಿ Hale ಅವಳದ್ದಲ್ಲ, ನನ್ನ ಸ್ಕ್ರಿಪ್ಟ್ ಹುಟ್ಟಿಸಿದ್ದು. ಆಮೇಲೆ ಬಂದ ಎರರುಗಳೆಲ್ಲ ಇದರ ಬಾಲಂಗೋಚಿಗಳು.

ಈ ತಪ್ಪಿಗೆ ಮದ್ದು ಎರಡು ಉದ್ಧರಣ ಚಿಹ್ನೆಗಳು, ಅಷ್ಟೇ.

```
rm -rf "$OUT"
mkdir -p "$OUT"
```

ಚಿಹ್ನೆಯೊಳಗೆ ಇದ್ದದ್ದನ್ನು ಶೆಲ್ ತುಂಡು ಮಾಡುವುದಿಲ್ಲ. ಇಷ್ಟು ಸುಲಭವಾದರೆ ಚಿಹ್ನೆಯಿಲ್ಲದಾಗಲೂ ತುಂಡು ಮಾಡದೆ ಬಿಡಬಹುದಿತ್ತಲ್ಲ, ಯಾರು ಯಾಕೆ ಹೀಗೆ ಮಾಡಿಟ್ಟರು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಉತ್ತರ ಹುಡುಕುತ್ತ ಹೋದರೆ 1970ರ ದಶಕದ ಬೆಲ್ ಲ್ಯಾಬ್ಸ್ ತನಕ ಹೋಗಬೇಕಾಯಿತು.

ಯುನಿಕ್ಸ್ ಹುಟ್ಟಿದ್ದು ಅಲ್ಲಿ. ಅದರ ತಿರುಳು ಫೈಲಿನ ಹೆಸರಿನ ಬಗ್ಗೆ ಬಹಳ ಉದಾರಿ. ಓರೆಗೆರೆ ಮತ್ತು ಶೂನ್ಯ ಬೈಟ್, ಇವೆರಡನ್ನು ಬಿಟ್ಟು ಹೆಸರಿನಲ್ಲಿ ಏನು ಬೇಕಾದರೂ ಇರಬಹುದು, ಖಾಲಿ ಜಾಗವೂ. ಆದರೆ ಆಗ ಒಂದು ಹೆಸರಿಗೆ ಸಿಗುತ್ತಿದ್ದದ್ದು 14 ಬೈಟ್ ಮಾತ್ರ. ಹೆಸರುಗಳನ್ನು ಆದಷ್ಟು ಮೊಟಕು ಮಾಡುತ್ತಿದ್ದ ಆ ಜನ ಅದರಲ್ಲೊಂದನ್ನು ಖಾಲಿ ಜಾಗಕ್ಕೆ ಕೊಡುವ ಸಂದರ್ಭ ಅಪರೂಪ. ಖಾಲಿ ಜಾಗಕ್ಕೆ ಬೇರೆ ಕೆಲಸವಿತ್ತು. ಆಜ್ಞೆಯ ಸಾಲಿನಲ್ಲಿ ಒಂದು ಪದವನ್ನು ಇನ್ನೊಂದರಿಂದ ಬೇರೆ ಮಾಡುತ್ತಿದ್ದದ್ದು ಅದೇ.

1979ರಲ್ಲಿ ಯುನಿಕ್ಸಿನ ಏಳನೆಯ ಆವೃತ್ತಿಯೊಡನೆ ಸ್ಟೀಫನ್ ಬೋರ್ನ್ ಬರೆದ ಹೊಸ ಶೆಲ್ ಹೊರಬಂತು. ಇಂದಿನ sh, bash ಎಲ್ಲವೂ ಅದರ ವಂಶದವು. ವೇರಿಯಬಲ್ಲಿನ ಬೆಲೆಯನ್ನು ಖಾಲಿ ಜಾಗದಲ್ಲಿ ತುಂಡರಿಸುವ ನಿಯಮ ಅದರಲ್ಲಿದೆ. ಯಾವ ಅಕ್ಷರಗಳ ಬಳಿ ತುಂಡರಿಸಬೇಕೆಂದು IFS ಎಂಬ ಇನ್ನೊಂದು ವೇರಿಯಬಲ್ ಹೇಳುತ್ತದೆ. ನಾವೇನೂ ಬದಲಿಸದಿದ್ದರೆ ಅವು ಖಾಲಿ ಜಾಗ, ಟ್ಯಾಬ್ ಮತ್ತು ಹೊಸ ಸಾಲು. ಇದು ಅಜಾಗರೂಕತೆಯಲ್ಲ, ಬೇಕೆಂದೇ ಮಾಡಿದ್ದು. ಆ ಶೆಲ್ಲಿನಲ್ಲಿ ಹಲವು ವಸ್ತುಗಳನ್ನು ಒಂದು ವೇರಿಯಬಲ್ಲಿನಲ್ಲಿ ಪಟ್ಟಿಯಾಗಿ ಇಡುವ ಬೇರೆ ದಾರಿ ಇರಲಿಲ್ಲ. ಖಾಲಿ ಜಾಗ ಬಿಟ್ಟು ಬರೆದ ಪಠ್ಯವೇ ಪಟ್ಟಿ.

```
CFLAGS="-O2 -g"
cc $CFLAGS main.c
```

ಇಲ್ಲಿ ಕಂಪೈಲರಿಗೆ -O2 ಮತ್ತು -g ಎಂಬ ಎರಡು ಪ್ರತ್ಯೇಕ ಸೂಚನೆಗಳು ಹೋಗಬೇಕು. ತುಂಡಾಗುವುದೇ ಇಲ್ಲಿ ಸರಿ. "$CFLAGS" ಎಂದು ಚಿಹ್ನೆ ಹಾಕಿಬಿಟ್ಟರೆ ನಡುವೆ ಖಾಲಿ ಜಾಗವಿರುವ ಒಂದೇ ವಿಚಿತ್ರ ಸೂಚನೆ ಹೋಗಿ ಕಂಪೈಲರ್ ಗೊಂದಲಕ್ಕೆ ಬೀಳುತ್ತದೆ. ಇದನ್ನು ಅರ್ಥಮಾಡಿಕೊಂಡ ಮೇಲೆ ನನಗೆ ಶೆಲ್ಲಿನ ಮೇಲಿದ್ದ ಸಿಟ್ಟು ಇಳಿಯಿತು. ವೇರಿಯಬಲ್ಲಿನಲ್ಲಿರುವ ಖಾಲಿ ಜಾಗ ಎರಡು ವಸ್ತುಗಳ ನಡುವಿನ ಗಡಿಯೋ, ಒಂದೇ ಹೆಸರಿನ ಭಾಗವೋ ಎಂಬುದು ಆ ಬೆಲೆಯನ್ನು ನೋಡಿದರೆ ತಿಳಿಯುವುದಿಲ್ಲ. ಅದು ಬರೆದವನಿಗೆ ಮಾತ್ರ ಗೊತ್ತು. ಬರೆದವನು ಅದನ್ನು ಹೇಳುವ ಜಾಗವೇ ಉದ್ಧರಣ ಚಿಹ್ನೆ. ನಾನು ಹೇಳಿರಲಿಲ್ಲ, ಹಾಗಾಗಿ ಶೆಲ್ ಪಟ್ಟಿಯೆಂದು ಓದಿಕೊಂಡಿತು.

ಬೇರೆ ದಾರಿ ಇರಲಿಲ್ಲವೆಂದಲ್ಲ. ಅದೇ ಬೆಲ್ ಲ್ಯಾಬ್ಸಿನ ಟಾಮ್ ಡಫ್ ಮುಂದೆ ಬರೆದ rc ಎಂಬ ಶೆಲ್ಲಿನಲ್ಲಿ ವೇರಿಯಬಲ್ ಎಂದರೆ ನಿಜವಾದ ಪಟ್ಟಿ, ಒಮ್ಮೆ ಇಟ್ಟದ್ದನ್ನು ಅದು ಮತ್ತೆ ತುಂಡು ಮಾಡುವುದಿಲ್ಲ. 1990ರಲ್ಲಿ ಬಂದ zsh ಕೂಡ ತಾನಾಗಿ ತುಂಡರಿಸುವುದಿಲ್ಲ. ಆದರೆ ಅಷ್ಟು ಹೊತ್ತಿಗೆ ಬೋರ್ನ್ ಶೆಲ್ಲಿನ ನಿಯಮವನ್ನು ನಂಬಿ ಬರೆದ ಸ್ಕ್ರಿಪ್ಟುಗಳು ಲೋಕವೆಲ್ಲ ಹರಡಿದ್ದವು. 1992ರ ಪೋಸಿಕ್ಸ್ ಶೆಲ್ ಮಾನಕವೂ ಆ ನಿಯಮವನ್ನೇ ಉಳಿಸಿಕೊಂಡಿತು.

ಅತ್ತ ಯುನಿಕ್ಸಿನ ಸಹವಾಸವಿಲ್ಲದ ಇನ್ನೊಂದು ಲೋಕ ಬೆಳೆಯುತ್ತಿತ್ತು. 1984ರ ಮ್ಯಾಕಿಂಟಾಷ್‌ನಲ್ಲಿ ಜನ ಆಜ್ಞೆ ಟೈಪಿಸುತ್ತಿರಲಿಲ್ಲ, ಚಿತ್ರಗಳ ಕೆಳಗೆ ಹೆಸರು ಬರೆಯುತ್ತಿದ್ದರು. ಅಲ್ಲಿ ಹೆಸರಿನೊಳಗೆ ಖಾಲಿ ಜಾಗ ಸಹಜ. 1995ರಲ್ಲಿ ವಿಂಡೋಸ್ ಕೂಡ ಉದ್ದ ಹೆಸರುಗಳಿಗೆ ಬಾಗಿಲು ತೆರೆದು, ತನ್ನ ಪ್ರೋಗ್ರಾಮುಗಳನ್ನು ಇಡುವ ಫೋಲ್ಡರಿಗೇ Program Files ಎಂದು ಹೆಸರಿಟ್ಟಿತು. ಈ ಎರಡು ಲೋಕಗಳು ಒಂದೇ ಮನೆಗೆ ಬಂದದ್ದು 2001ರ ಮಾರ್ಚಿನಲ್ಲಿ, ಮ್ಯಾಕ್ ಓಎಸ್ ಟೆನ್ ಬಿಡುಗಡೆಯಾದಾಗ. ಮೇಲೆ Macintosh HD ಎಂಬಂಥ ಹೆಸರಿನ ಡಿಸ್ಕುಗಳು, ಒಳಗೆ ಯುನಿಕ್ಸ್ ಶೆಲ್.

ಅದೇ ವರ್ಷದ ನವೆಂಬರಿನಲ್ಲಿ ಐಟ್ಯೂನ್ಸ್ 2.0 ಬಂತು. ಅದರ ಜೊತೆಗಿದ್ದದ್ದು ಬಿಲ್ಡ್ ಸ್ಕ್ರಿಪ್ಟ್ ಅಲ್ಲ, ಇನ್‌ಸ್ಟಾಲ್ ಮಾಡುವ ಸ್ಕ್ರಿಪ್ಟ್. ಆದರೆ ತಪ್ಪು ನನ್ನದೇ. ಹಳೆಯ ಐಟ್ಯೂನ್ಸನ್ನು ತೆಗೆಯುವ ಸಾಲು ಹೀಗಿತ್ತು:

```
rm -rf $2Applications/iTunes.app 2> /dev/null
```

$2 ಎಂದರೆ ಯಾವ ಡಿಸ್ಕಿಗೆ ಇನ್‌ಸ್ಟಾಲ್ ಮಾಡಬೇಕೋ ಅದರ ಹಾದಿ. ಒಬ್ಬರ ಬಳಿ Disk ಮತ್ತು Disk 2 ಎಂಬ ಎರಡು ಡಿಸ್ಕುಗಳಿದ್ದು, ಎರಡನೆಯದಕ್ಕೆ ಇನ್‌ಸ್ಟಾಲ್ ಮಾಡುತ್ತಿದ್ದಾರೆ ಎನ್ನೋಣ. ಹಾದಿ `/Volumes/Disk 2/`. ತುಂಡಾದ ಮೇಲೆ rm ಕೈಗೆ ಹೋಗುವ ಮೊದಲ ಹೆಸರು `/Volumes/Disk`. ಅಂದರೆ ಇನ್ನೊಂದು ಇಡೀ ಡಿಸ್ಕು. ಸಾಲಿನ ಕೊನೆಯಲ್ಲಿರುವುದು, ಎರರ್ ಬಂದರೂ ತೋರಿಸಬೇಡ ಎಂಬ ಆದೇಶ. ಕೆಲವರು ಡಿಸ್ಕಿನಲ್ಲಿದ್ದದ್ದನ್ನೆಲ್ಲ ಕಳೆದುಕೊಂಡರು. ಹೆಸರಿನಲ್ಲಿ ಖಾಲಿ ಜಾಗ ಇಲ್ಲದವರಿಗೆ ಏನೂ ಆಗಲಿಲ್ಲ. ಆ್ಯಪಲ್ ಕೂಡಲೇ ಅದನ್ನು ಹಿಂತೆಗೆದುಕೊಂಡು, ಸರಿಪಡಿಸಿ 2.0.1 ಬಿಡುಗಡೆ ಮಾಡಿತು.

ಬಿಲ್ಡಿನ ವಿಷಯದಲ್ಲಿ ಇನ್ನೊಂದು ತೊಡಕಿದೆ, ಅದಕ್ಕೆ ಚಿಹ್ನೆಯೂ ಸಾಲದು. 1976ರಲ್ಲಿ ಸ್ಟೂವರ್ಟ್ ಫೆಲ್ಡ್‌ಮನ್ ಬರೆದ make ಇಂದಿಗೂ ಎಷ್ಟೋ ಬಿಲ್ಡುಗಳ ಬೆನ್ನೆಲುಬು. ಯಾವ ಫೈಲು ಯಾವುದನ್ನು ಅವಲಂಬಿಸಿದೆ ಎಂಬುದನ್ನು ಅದರಲ್ಲಿ ಪಟ್ಟಿಯಾಗಿ ಬರೆಯಬೇಕು, ಪಟ್ಟಿಯ ಗಡಿ ಮತ್ತೆ ಖಾಲಿ ಜಾಗವೇ. ಉದ್ಧರಣ ಚಿಹ್ನೆ make ಪಾಲಿಗೆ ಹೆಸರಿನ ಇನ್ನೊಂದು ಅಕ್ಷರವಷ್ಟೇ. ಅದು ನಡೆಸಲು ಶೆಲ್ಲಿಗೆ ಒಪ್ಪಿಸುವ ಸಾಲುಗಳಲ್ಲಿ ಚಿಹ್ನೆ ಕೆಲಸಮಾಡುತ್ತದೆ, ಅವಲಂಬನೆಯ ಪಟ್ಟಿಯಲ್ಲಿ ಮಾಡುವುದಿಲ್ಲ. ಪಟ್ಟಿಯಲ್ಲಿ ಖಾಲಿ ಜಾಗದ ಮುಂದೆ ಹಿಂಬದಿಯ ಓರೆಗೆರೆ ಹಾಕಿ ಸ್ವಲ್ಪ ದೂರ ಸಾಗಬಹುದು, ಆದರೆ ಹೆಸರುಗಳನ್ನು ಬಿಡಿಸಿ ಜೋಡಿಸುವ ಅದರ ಫಂಕ್ಷನ್‌ಗಳ ಬಳಿ ಬಂದಾಗ ಹೆಸರು ಮತ್ತೆ ಮುರಿಯುತ್ತದೆ. ಆಟೋಮೇಕ್ ಬಳಸುವ ಪ್ರಾಜೆಕ್ಟುಗಳ configure ಸ್ಕ್ರಿಪ್ಟಂತೂ ಮೂಲ ಫೈಲುಗಳ ಹಾದಿಯಲ್ಲಿ ಖಾಲಿ ಜಾಗ ಕಂಡರೆ `unsafe srcdir value` ಎಂದು ಹೇಳಿ ಮೊದಲಲ್ಲೇ ನಿಂತುಬಿಡುತ್ತದೆ. ಅರ್ಧ ದಾರಿಯಲ್ಲಿ ಏನನ್ನೋ ಅಳಿಸುವುದಕ್ಕಿಂತ ಅದು ವಾಸಿ.

ಇಂಥ ತಪ್ಪಿನ ಗುರುತು ಹಿಡಿಯುವುದು ಕಷ್ಟವಲ್ಲ. ಎರರಿನಲ್ಲಿ ಕಾಣುವ ಹಾದಿ ಹೆಸರಿನ ಅರ್ಧಕ್ಕೇ ನಿಂತಿದ್ದರೆ, ಉಳಿದರ್ಧ ಮುಂದಿನ ಸಾಲಿನಲ್ಲಿ ಬೇರೆ ಫೈಲಿನಂತೆ ಕಂಡರೆ, ನೀವು ಮಾಡದ ಫೋಲ್ಡರ್ ಎಲ್ಲೋ ಹುಟ್ಟಿದ್ದರೆ, ಮೊದಲು ಖಾಲಿ ಜಾಗವನ್ನು ಅನುಮಾನಿಸಿ. ಸ್ಕ್ರಿಪ್ಟನ್ನು `sh -x` ಎಂದು ನಡೆಸಿದರೆ, ತುಂಡಾದ ಮೇಲೆ ಪ್ರತಿ ಆಜ್ಞೆ ಹೇಗಾಯಿತೆಂದು ಶೆಲ್ ತೋರಿಸುತ್ತದೆ. ಆದರೆ ಅಳಿಸುವ ಸಾಲಿದ್ದರೆ ಮೊದಲು rm ಜಾಗದಲ್ಲಿ echo ಬರೆದು ನೋಡಬೇಕು. ನಡೆಸದೆಯೇ ಓದಿ ಹೇಳುವ ಶೆಲ್‌ಚೆಕ್ ಎಂಬ ಸಾಧನವೂ ಇದೆ. ಚಿಹ್ನೆ ಬಿಟ್ಟ ಜಾಗವನ್ನು SC2086 ಎಂಬ ಸಂಖ್ಯೆಯೊಡನೆ ಎತ್ತಿ ತೋರಿಸುತ್ತದೆ.

ಆ ಹುಡುಗಿಯ ಮನೆಯಲ್ಲಿ ತಾತನ ಕಾಗದಗಳು ಟ್ರಂಕಿನಲ್ಲಿ ಇನ್ನೂ ಇದ್ದವು. ಒಂದು ಭಾನುವಾರ ಹೋಗಿ ಇಬ್ಬರೂ ಕೂತು ಮತ್ತೆ ಫೋಟೋ ತೆಗೆದೆವು. ಕಾಗದ ಇರದಿದ್ದರೆ ನಾನು ಏನು ಹೇಳಬಹುದಿತ್ತೋ ಗೊತ್ತಿಲ್ಲ. ಅಂದಿನಿಂದ ನನ್ನ ಕಂಪ್ಯೂಟರಿನಲ್ಲಿ Hosa Pustaka ಎಂಬ ಫೋಲ್ಡರ್ ಇದೆ, ಅದರ ಪಕ್ಕದಲ್ಲಿ Hosa ಎಂಬ ಇನ್ನೊಂದು. ಅದರಲ್ಲಿರುವುದು ಒಂದೇ ಫೈಲು. ಯಾವ ಸ್ಕ್ರಿಪ್ಟ್ ಬರೆದರೂ ಮೊದಲು ಅಲ್ಲಿ ನಡೆಸುತ್ತೇನೆ, ಆಮೇಲೆ ಆ ಫೈಲು ಇನ್ನೂ ಇದೆಯೇ ಎಂದು ನೋಡಿ ಬೇರೆಯವರಿಗೆ ಕೊಡುತ್ತೇನೆ.