ತೇಗು ಮತ್ತು ಅಪಾನವಾಯು

ಜಠರದಲ್ಲೋ ಅನ್ನನಾಳದಲ್ಲೋ ಸೇರಿಕೊಂಡ ಗಾಳಿ ಬಾಯಿಂದ ಸದ್ದು ಮಾಡುತ್ತ ಹೊರಬರುವುದು ತೇಗು. ಕರುಳಿನ ಅನಿಲ ಗುದದ್ವಾರದಿಂದ ಹೊರಹೋಗುವುದು ಅಪಾನವಾಯು, ಆಡುಮಾತಿನಲ್ಲಿ ಹೂಸು. ಎರಡೂ ಸಹಜ ದೇಹಕ್ರಿಯೆಗಳು. ಆರೋಗ್ಯವಂತರು ದಿನಕ್ಕೆ 25-30 ಸಲ ತೇಗುವುದುಂಟು, ಬಹುಪಾಲು ತಮಗೇ ತಿಳಿಯದಂತೆ. ಅಪಾನವಾಯು 10-20 ಸಲ ಹೋದರೂ ಅದು ಕಾಯಿಲೆಯಲ್ಲ. ಚರಕಸಂಹಿತೆ ತಡೆಯಬಾರದ 13 ವೇಗಗಳನ್ನು ಹೇಳುವಾಗ ಹಸಿವು, ಬಾಯಾರಿಕೆ, ನಿದ್ರೆಗಳ ಜೊತೆಗೆ ಇವೆರಡನ್ನೂ ಸೇರಿಸಿದೆ. ನಮ್ಮಲ್ಲಿ ಎರಡಕ್ಕೂ ‘ಗ್ಯಾಸ್ಟ್ರಿಕ್’ ಎಂದು ಹೇಳಿ ಬೆಳಿಗ್ಗೆ ಬರಿಹೊಟ್ಟೆಗೆ ಒಂದೇ ಮಾತ್ರೆ ನುಂಗುವ ರೂಢಿಯಿದೆ. ಆದರೆ ಮೇಲೆ ಬರುವ ಗಾಳಿ ಹೆಚ್ಚಾಗಿ ಹೊರಗಿನಿಂದ ನುಂಗಿದ್ದು, ಕೆಳಗೆ ಹೋಗುವ ಅನಿಲ ಹೆಚ್ಚಾಗಿ ಕರುಳಿನಲ್ಲೇ ಹುಟ್ಟಿದ್ದು. ಕಾರಣ ಹುಡುಕುವಾಗ ಮೊದಲು ಇವೆರಡನ್ನು ಬೇರ್ಪಡಿಸಬೇಕು.

ಪ್ರತಿಸಲ ಅನ್ನವನ್ನೋ ನೀರನ್ನೋ ನುಂಗಿದಾಗ ಅದರ ಜೊತೆ ಕೆಲವು ಮಿಲಿಲೀಟರ್ ಗಾಳಿಯೂ ಇಳಿಯುತ್ತದೆ. ಗಬಗಬನೆ ತಿಂದರೆ, ಊಟದ ನಡುವೆ ಮಾತಾಡಿದರೆ, ಬಿಸಿ ಕಾಫಿಯನ್ನು ಸೊರ್ರನೆ ಹೀರಿದರೆ, ಚೂಯಿಂಗ್ ಗಮ್ ಅಗಿದರೆ, ಸಡಿಲವಾದ ಹಲ್ಲಿನ ಸೆಟ್ ಹಾಕಿಕೊಂಡಿದ್ದರೆ ಇದು ಹೆಚ್ಚುತ್ತದೆ. ಸೋಡ ಕುಡಿದಾಗ ಅದರಲ್ಲಿ ಕರಗಿದ್ದ ಇಂಗಾಲದ ಡೈಆಕ್ಸೈಡೂ ಸೇರಿಕೊಳ್ಳುತ್ತದೆ. ಈ ಗಾಳಿ ಜಠರದ ಮೇಲ್ಭಾಗದಲ್ಲಿ ನಿಂತು ಗೋಡೆಯನ್ನು ಹಿಗ್ಗಿಸಿದಾಗ ನರಗಳ ಮೂಲಕ ಸೂಚನೆ ಹೋಗಿ, ಅನ್ನನಾಳದ ಕೆಳತುದಿಯಲ್ಲಿ ಬಿಗಿಯಾಗಿರುವ ಸ್ನಾಯುಬಳೆ ಕೆಲವು ಸೆಕೆಂಡು ಸಡಿಲಗೊಳ್ಳುತ್ತದೆ. ಗಾಳಿ ಮೇಲೇರಿ ಹೊರಬರುತ್ತದೆ. ಇದು ಜಠರದ ತೇಗು, ಉಂಡ ಮೇಲೆ ಬರುವುದು ಇದೇ. ಅದೇ ಬಳೆ ಸಡಿಲವಾದಾಗ ಆಮ್ಲವೂ ಜೊತೆಗೆ ಬಂದರೆ ಹುಳಿತೇಗು, ಎದೆಯುರಿ. ಉಂಡ ಕೂಡಲೇ ಅಂಗಾತ ಮಲಗಿದರೆ ಜಠರದ ದ್ರವ ಅನ್ನನಾಳದ ಬಾಯಿಗೆ ಅಡ್ಡವಾಗುವುದರಿಂದ ಗಾಳಿ ಮೇಲೇರಲಾರದೆ ಕೆಳಗೆ ಕರುಳಿಗೆ ಜಾರುತ್ತದೆ.

‘ಫ್ರೂಟ್ ಸಾಲ್ಟ್’ ಕುಡಿದ ಕೂಡಲೇ ಜೋರಾಗಿ ತೇಗು ಬಂದು ಹಗುರಾಗುವುದು ಎಲ್ಲರಿಗೂ ಗೊತ್ತಿರುವ ಅನುಭವ. ಅಡಿಗೆ ಸೋಡವೂ ಆಮ್ಲವೂ ಬೆರೆತಾಗ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಹೊರಬಂದ ತೇಗಿನಲ್ಲಿ ಆ ಪುಡಿಯಿಂದಲೇ ಹುಟ್ಟಿದ ಅನಿಲದ ಪಾಲು ದೊಡ್ಡದು. ಆಮ್ಲ ಸ್ವಲ್ಪ ತಗ್ಗುವುದು ನಿಜ. ಹಳೆಯ ಗಾಳಿಯೆಲ್ಲ ಹೊರಹೋಯಿತು ಎಂಬ ನಂಬಿಕೆ ಮಾತ್ರ ಅರ್ಧಸತ್ಯ.

ನಿಮಿಷಕ್ಕೆ ಐದಾರು ಸಲ, ಗಂಟೆಗಟ್ಟಲೆ ತೇಗುವವರ ವಿಷಯ ಬೇರೆ. ಅಷ್ಟು ಗಾಳಿ ಜಠರದಲ್ಲಿ ಇರುವುದಿಲ್ಲ. ಅನ್ನನಾಳದೊಳಗೆ ತೆಳುವಾದ ನಳಿಕೆಯಿಳಿಸಿ, ವಿದ್ಯುತ್ ಪ್ರತಿರೋಧದ ಏರಿಳಿತದಿಂದ ಗಾಳಿಯ ಚಲನೆಯನ್ನು ಅಳೆಯುವ ವಿಧಾನ ಬಂದ ಮೇಲೆ ಇದರ ಗುಟ್ಟು ತಿಳಿಯಿತು. ಇವರು ಅರಿವಿಲ್ಲದೆ ವಪೆಯನ್ನು ಬಿಗಿದು ಎದೆಗೂಡಿನ ಒಳಒತ್ತಡ ತಗ್ಗಿಸುತ್ತಾರೆ. ಗಾಳಿ ಗಂಟಲಿನಿಂದ ಅನ್ನನಾಳಕ್ಕೆ ನುಗ್ಗುತ್ತದೆ, ಜಠರವನ್ನು ಮುಟ್ಟುವ ಮೊದಲೇ, ಒಂದು ಸೆಕೆಂಡಿನೊಳಗೆ ಹೊರಬೀಳುತ್ತದೆ. ಇದನ್ನು ಜಠರಮೇಲಿನ ತೇಗು ಎನ್ನಬಹುದು. ಹೊಟ್ಟೆಯಲ್ಲಿ ಏನೋ ಕಟ್ಟಿಕೊಂಡಿದೆ, ತೇಗಿದರೆ ಸರಿಹೋಗುತ್ತದೆ ಎಂಬ ಭಾವನೆಯಿಂದ ಆರಂಭವಾದದ್ದು ಕ್ರಮೇಣ ಅಭ್ಯಾಸವಾಗುತ್ತದೆ. ಇದನ್ನು ಗುರುತಿಸಲು ನಳಿಕೆಯೇ ಬೇಕೆಂದಿಲ್ಲ. ನಿದ್ರೆಯಲ್ಲಿ ಈ ತೇಗು ಬರುವುದಿಲ್ಲ. ಮಾತಾಡುವಾಗ, ಮನಸ್ಸು ಬೇರೆಡೆ ತೊಡಗಿದಾಗ ನಿಲ್ಲುತ್ತದೆ. ವೈದ್ಯರ ಮುಂದೆ ಅದರ ವಿಷಯವೆತ್ತಿದೊಡನೆ ಹೆಚ್ಚುತ್ತದೆ. ಆಮ್ಲ ತಗ್ಗಿಸುವ ಮಾತ್ರೆಗೆ ಇಲ್ಲಿ ಕೆಲಸವಿಲ್ಲ. ಹೊಟ್ಟೆ ಉಬ್ಬಿಸುತ್ತ ನಿಧಾನವಾಗಿ ಉಸಿರಾಡುವುದನ್ನು ಕಲಿಸುವ ತರಬೇತಿ, ಮನೋಚಿಕಿತ್ಸೆ, ಮಾತಿನ ಚಿಕಿತ್ಸಕರ ಅಭ್ಯಾಸಗಳು ಇದಕ್ಕೆ ನೆರವಾಗುತ್ತವೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಎದೆಯ ಒತ್ತಡವನ್ನು ‘ಗ್ಯಾಸ್’ ಎಂದುಕೊಂಡು ಓಮದ ನೀರು ಕುಡಿದು ಕಾಯುವುದು ಅಪಾಯಕರ. ಹೃದಯಾಘಾತದಲ್ಲೂ, ವಿಶೇಷವಾಗಿ ಹೃದಯದ ಕೆಳಗೋಡೆಗೆ ರಕ್ತಪೂರೈಕೆ ನಿಂತಾಗ, ಮೇಲ್ಹೊಟ್ಟೆ ನೋವು, ವಾಕರಿಕೆ, ತೇಗು ಕಾಣಿಸಿಕೊಳ್ಳಬಹುದು. ಬೆವರು, ಏದುಸಿರು, ತೋಳಿಗೋ ದವಡೆಗೋ ಹಬ್ಬುವ ನೋವು ಇದ್ದರೆ, ಮೆಟ್ಟಿಲು ಹತ್ತುವಾಗ ಬಂದು ಕೂತರೆ ಕಡಿಮೆಯಾಗುವ ಬಿಗಿತವಿದ್ದರೆ, ತೇಗಿದ ಮೇಲೆ ಹಾಯೆನಿಸಿದರೂ ತಕ್ಷಣ ಇಸಿಜಿ ಮಾಡಿಸಬೇಕು.

ಅಪಾನವಾಯುವಿನಲ್ಲಿ ಸಾರಜನಕ, ಆಮ್ಲಜನಕ, ಇಂಗಾಲದ ಡೈಆಕ್ಸೈಡ್, ಜಲಜನಕ, ಮೀಥೇನ್ ಎಂಬ ಐದು ಅನಿಲಗಳೇ ಶೇ. 99ರಷ್ಟು. ಈ ಐದಕ್ಕೂ ವಾಸನೆಯಿಲ್ಲ. ದುರ್ವಾಸನೆ ಬರುವುದು ಅತ್ಯಲ್ಪ ಪ್ರಮಾಣದ ಗಂಧಕದ ಸಂಯುಕ್ತಗಳಿಂದ, ಮುಖ್ಯವಾಗಿ ಹೈಡ್ರೋಜನ್ ಸಲ್ಫೈಡಿನಿಂದ. ಹಾಗಾಗಿ ಸದ್ದಿಗೂ ವಾಸನೆಗೂ ಪ್ರಮಾಣದ ಲೆಕ್ಕ ಕೂಡುವುದಿಲ್ಲ. ಸಾರಜನಕ ಹೆಚ್ಚಿದ್ದರೆ ಅದು ನುಂಗಿದ ಗಾಳಿ. ಜಲಜನಕ, ಮೀಥೇನ್ ಹೆಚ್ಚಿದ್ದರೆ ಅದು ಕರುಳಿನ ಸೂಕ್ಷ್ಮಜೀವಿಗಳ ಸೃಷ್ಟಿ, ಯಾಕೆಂದರೆ ಮನುಷ್ಯನ ಜೀವಕೋಶ ಇವೆರಡನ್ನೂ ತಯಾರಿಸುವುದಿಲ್ಲ. ಬ್ರಿಟನ್ನಿನಲ್ಲಿ 10 ಮಂದಿ ಆರೋಗ್ಯವಂತರಿಗೆ ಎಂದಿನ ಊಟದ ಜೊತೆ 200 ಗ್ರಾಂ ಬೇಯಿಸಿದ ಬೀನ್ಸ್ ಕಾಳು ಕೊಟ್ಟು ಅಳೆದ 1991ರ ಅಧ್ಯಯನದಲ್ಲಿ ದಿನದ ಅನಿಲ ಸುಮಾರು ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಇತ್ತು. ನಾರಿಲ್ಲದ ಆಹಾರ ಕೊಟ್ಟಾಗ ಅದು 200 ಮಿಲಿಲೀಟರಿನ ಆಸುಪಾಸಿಗೆ ಇಳಿಯಿತು.

ಹೊಟ್ಟೆಯುಬ್ಬರ ಎನ್ನುವವರ ಕರುಳಿನಲ್ಲಿ ಅನಿಲ ಹೆಚ್ಚಿರುತ್ತದೆಂದೇನೂ ಇಲ್ಲ. ಅಮೆರಿಕದ ಮೈಕೇಲ್ ಲೆವಿಟ್ ಮತ್ತು ಸಂಗಡಿಗರು 1975ರಲ್ಲಿ ಕರುಳಿಗೆ ಆರ್ಗಾನ್ ಹಾಯಿಸಿ, ಒಳಗಿದ್ದುದನ್ನೆಲ್ಲ ಹೊರತಂದು ಅಳೆದರು. ಉಬ್ಬರದವರಲ್ಲೂ ಇತರರಲ್ಲೂ ಅದು 200 ಮಿಲಿಲೀಟರಿಗೆ ಹತ್ತಿರವೇ ಇತ್ತು. ವ್ಯತ್ಯಾಸವಿದ್ದದ್ದು ಅನಿಲ ಸಾಗುವ ಬಗೆಯಲ್ಲಿ, ಅಷ್ಟೇ ಅನಿಲಕ್ಕೆ ಕರುಳು ನೋವಿನಿಂದ ಪ್ರತಿಕ್ರಿಯಿಸುವುದರಲ್ಲಿ. ಇರಿಟಬಲ್ ಬವೆಲ್ ಸಿಂಡ್ರೋಮ್ ಇರುವವರ ಅನುಭವ ಹೆಚ್ಚಾಗಿ ಹೀಗೆಯೇ.

ಅವರೆ, ಹುರುಳಿ, ಅಲಸಂದೆ, ಕಡಲೆಗಳಲ್ಲಿ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳಿವೆ. ಇವನ್ನು ಒಡೆಯುವ ಆಲ್ಫಾ-ಗ್ಯಾಲಾಕ್ಟೊಸಿಡೇಸ್ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿ ಇಲ್ಲ. ಜೀರ್ಣವಾಗದೆ ದೊಡ್ಡ ಕರುಳು ತಲುಪಿದ ಸಕ್ಕರೆಯನ್ನು ಅಲ್ಲಿಯ ಬ್ಯಾಕ್ಟೀರಿಯಗಳು ಹುದುಗಿಸಿದಾಗ ಅನಿಲ ಹುಟ್ಟುತ್ತದೆ. ಈ ಸಕ್ಕರೆಗಳು ನೀರಿನಲ್ಲಿ ಕರಗುವುದರಿಂದ ರಾತ್ರಿಯಿಡೀ ನೆನೆಸಿ ನೀರು ಚೆಲ್ಲಿದರೆ ಒಂದಂಶ ಹೋಗುತ್ತದೆ. ಮೊಳಕೆ ಬರಿಸಿದರೆ ಬೀಜವೇ ಅವನ್ನು ಬಳಸಿಕೊಳ್ಳುವುದರಿಂದ ಇನ್ನಷ್ಟು ತಗ್ಗುತ್ತದೆ. ಬಸ್ಸಾರಿನ ವಿಷಯ ಇಲ್ಲಿ ಸ್ವಾರಸ್ಯಕರ: ಕಾಳನ್ನು ಬೇಯಿಸಿ ಬಸಿದ ಕಟ್ಟನ್ನೇ ಸಾರಿಗೆ ಬಳಸುವುದರಿಂದ ಪಲ್ಯದಿಂದ ಇಳಿದ ಸಕ್ಕರೆ ಸಾರಿನ ಬಟ್ಟಲಲ್ಲಿ ಮತ್ತೆ ಎದುರಾಗುತ್ತದೆ. ರುಚಿಗಾಗಿ ಅಷ್ಟು ತೆರಲು ಬಹಳ ಮಂದಿ ಸಿದ್ಧ. ಇಂಗು, ಜೀರಿಗೆ, ಶುಂಠಿಯ ಒಗ್ಗರಣೆಯಿಂದ ಕಾಳಿನೊಳಗಿನ ಈ ಸಕ್ಕರೆ ಕಡಿಮೆಯಾಗುವುದಿಲ್ಲ.

ಈರುಳ್ಳಿ, ಬೆಳ್ಳುಳ್ಳಿ, ಗೋಧಿಗಳಲ್ಲಿ ಫ್ರಕ್ಟಾನ್ ಎಂಬ ಇನ್ನೊಂದು ಬಗೆಯಿದೆ, ಅದರ ಗತಿಯೂ ಇದೇ. ಪಿಷ್ಟದ ಆಹಾರಗಳಲ್ಲಿ ಅಕ್ಕಿ ಹೆಚ್ಚುಕಡಿಮೆ ಪೂರ್ತಿ ಹೀರಲ್ಪಡುವುದರಿಂದ ಅನಿಲ ಬಹಳ ಕಡಿಮೆ. ಹಾಲಿನ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಬಾಲ್ಯ ಕಳೆದ ಮೇಲೆ ಅನೇಕರಲ್ಲಿ ಕುಗ್ಗುತ್ತದೆ, ದಕ್ಷಿಣ ಭಾರತದವರಲ್ಲಿ ಉತ್ತರದವರಿಗಿಂತ ಹೆಚ್ಚಾಗಿ. ಆದರೂ ಒಂದು ಲೋಟ ಹಾಲಿನ ಸುಮಾರು 10 ಗ್ರಾಂ ಲ್ಯಾಕ್ಟೋಸನ್ನು ಊಟದ ಜೊತೆಗಾದರೆ ಇಂಥವರಲ್ಲಿ ಬಹುಪಾಲು ಮಂದಿ ತಾಳಿಕೊಳ್ಳುತ್ತಾರೆ. ಮೊಸರಿನ ಬ್ಯಾಕ್ಟೀರಿಯ ತಮ್ಮದೇ ಕಿಣ್ವ ತರುವುದರಿಂದ ಮೊಸರು ಇನ್ನೂ ಸುಲಭ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡರೆ ಈ ಎಳೆಗಳು ಹೇಗೆ ಬಿಡಿಸಿಕೊಳ್ಳುತ್ತವೆಂದು ತಿಳಿಯುತ್ತದೆ. ಪ್ರೌಢಶಾಲೆಯ ಶಿಕ್ಷಕರೊಬ್ಬರು, ವಯಸ್ಸು 42. ಒಂದು ವರ್ಷದಿಂದ ಆಮ್ಲ ತಗ್ಗಿಸುವ ಮಾತ್ರೆ ನುಂಗುತ್ತಿದ್ದಾರೆ, ಗುಣವಿಲ್ಲ. ತೂಕ ಇಳಿದಿಲ್ಲ, ರಕ್ತಹೀನತೆಯಿಲ್ಲ. ವಿಚಾರಿಸಿದರೆ ಎರಡು ಬೇರೆ ದೂರುಗಳು ಹೊರಬರುತ್ತವೆ. ತೇಗು ಸ್ಟಾಫ್ ರೂಮಿನಲ್ಲಿ ಒಂದರ ಹಿಂದೊಂದು ಬರುತ್ತದೆ, ಪಾಠ ಮಾಡುವ 45 ನಿಮಿಷ ಬರುವುದೇ ಇಲ್ಲ, ರಾತ್ರಿ ಸದ್ದಿಲ್ಲ. ಅಲ್ಲಿಗೆ ಅದು ಜಠರಮೇಲಿನ ತೇಗು. ಅಪಾನವಾಯು ಸಂಜೆ ಆರರ ಹೊತ್ತಿಗೆ ಶುರು. ಸಂಜೆಯ ಕಾಫಿಯ ಹಾಲೇ ಕಾರಣವೆಂದು ಅವರ ಅನುಮಾನ. ಆದರೆ ತಿಂದದ್ದು ದೊಡ್ಡ ಕರುಳು ತಲುಪಲು ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ ಬೇಕು. ಐದೂವರೆಗೆ ಕುಡಿದ ಅರ್ಧ ಲೋಟ ಕಾಫಿ ಆರಕ್ಕೆ ಅನಿಲವಾಗದು, ಹಿಂದೆ ಎಣಿಸಿದರೆ ಮಧ್ಯಾಹ್ನದ ಊಟ ಸಿಗುತ್ತದೆ: ಮುದ್ದೆ, ಕಾಳಿನ ಸಾರು, ಹಸಿ ಈರುಳ್ಳಿ. ಎರಡು ವಾರ ಹಾಲು ಬಿಟ್ಟರೂ ಬದಲಾವಣೆಯಿಲ್ಲ. ಹಾಲು ಮತ್ತೆ ಆರಂಭಿಸಿ, ಕಾಳನ್ನು ನೆನೆಸಿ ಮೊಳಕೆ ಬರಿಸಿ, ಬಡಿಸುವುದನ್ನು ಅರ್ಧಕ್ಕಿಳಿಸಿ, ಹಸಿ ಈರುಳ್ಳಿ ನಿಲ್ಲಿಸಿದಾಗ ಸಂಜೆಯ ಕಾಟ ತಗ್ಗುತ್ತದೆ. ಒಂದೊಂದನ್ನೇ ಮರಳಿಸಿ ನೋಡಿದರೆ ಈರುಳ್ಳಿಯದೆಷ್ಟು, ಕಾಳಿನದೆಷ್ಟು ಎಂಬುದೂ ಗೊತ್ತಾಗುತ್ತದೆ. ತೇಗಿಗೆ ಬೇರೆಯೇ ದಾರಿ: ತೇಗು ಬಂತೆನಿಸಿದಾಗ ಹಲ್ಲುಗಳ ನಡುವೆ ಪೆನ್ಸಿಲ್ ಹಿಡಿದು ಬಾಯಿ ತೆರೆದಿಟ್ಟುಕೊಂಡು ಹೊಟ್ಟೆಯಿಂದ ಉಸಿರಾಡಬೇಕು. ಬಾಯಿ ತೆರೆದಿರುವಾಗ ಗಾಳಿ ಎಳೆದುಕೊಳ್ಳುವುದು ಕಷ್ಟ.

ಆಹಾರದ ಬದಲಾವಣೆಗೆ ಬಗ್ಗದಿದ್ದಾಗ ಕರುಳಿನ ಕಾಯಿಲೆಯನ್ನು ನೋಡಬೇಕು. ಗೋಧಿಯ ಗ್ಲುಟನ್‌ನಿಂದ ಸಣ್ಣ ಕರುಳಿನ ಒಳಪದರ ಸವೆಯುವ ಸೀಲಿಯಾಕ್ ಕಾಯಿಲೆಯಲ್ಲಿ ಉಬ್ಬರದ ಜೊತೆ ರಕ್ತಹೀನತೆ, ಭೇದಿ ಇರಬಹುದು. ರಕ್ತಪರೀಕ್ಷೆಯಿಂದ ಸುಳಿವು ಸಿಗುತ್ತದೆ, ಆದರೆ ಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟಿದ್ದರೆ ಫಲಿತಾಂಶ ದಾರಿತಪ್ಪಿಸುತ್ತದೆ. ಕಲುಷಿತ ನೀರಿನಿಂದ ಬರುವ ಜಿಯಾರ್ಡಿಯ ಪರೋಪಜೀವಿ ಕೊಳೆತ ಮೊಟ್ಟೆಯ ವಾಸನೆಯ ತೇಗನ್ನೂ ಜಿಡ್ಡುಮಲವನ್ನೂ ತರುತ್ತದೆ, ಮಲಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಬಹುಕಾಲದ ಮಧುಮೇಹವೋ ಹಳೆಯ ಶಸ್ತ್ರಚಿಕಿತ್ಸೆಯೋ ಕರುಳಿನ ಚಲನೆಯನ್ನು ನಿಧಾನಗೊಳಿಸಿದರೆ ಸಣ್ಣ ಕರುಳಿನಲ್ಲೇ ಬ್ಯಾಕ್ಟೀರಿಯ ಮಿತಿಮೀರಿ ಬೆಳೆದು ಹುದುಗುವಿಕೆ ಬೇಗ ಶುರುವಾಗುತ್ತದೆ. ಬಹಳ ಸಾಮಾನ್ಯವಾದರೂ ಗಮನಕ್ಕೆ ಬಾರದ ಕಾರಣ ಮಲಬದ್ಧತೆ.

ಮನುಷ್ಯನ ಜೀವಕೋಶ ಜಲಜನಕ ತಯಾರಿಸುವುದಿಲ್ಲ ಎಂದು ಮೇಲೆ ಹೇಳಿದ ತತ್ತ್ವವನ್ನೇ ಉಸಿರಿನ ಜಲಜನಕ ಪರೀಕ್ಷೆ ಬಳಸುತ್ತದೆ. ಕರುಳಿನಲ್ಲಿ ಹುಟ್ಟಿದ ಜಲಜನಕದ ಒಂದು ಪಾಲು ರಕ್ತ ಸೇರಿ ಶ್ವಾಸಕೋಶದಿಂದ ಹೊರಬರುತ್ತದೆ. ಲ್ಯಾಕ್ಟೋಸ್ ಕುಡಿಸಿದ ಮೇಲೆ ಉಸಿರಿನಲ್ಲಿ ಅದು ಆರಂಭದ ಮಟ್ಟಕ್ಕಿಂತ ದಶಲಕ್ಷಕ್ಕೆ 20 ಭಾಗ ಏರಿದರೆ ಲ್ಯಾಕ್ಟೋಸ್ ಜೀರ್ಣವಾಗಿಲ್ಲ ಎಂದರ್ಥ. ಜಲಜನಕದ ಬದಲು ಮೀಥೇನ್ ತಯಾರಾಗುವವರಲ್ಲಿ ಈ ಅಳತೆ ತಪ್ಪಬಹುದು, ಆದ್ದರಿಂದ ಎರಡನ್ನೂ ಅಳೆಯುವುದು ಒಳ್ಳೆಯದು.

ಕಾರಣವಿಲ್ಲದೆ ತೂಕ ಇಳಿಯುವುದು, ಮಲದಲ್ಲಿ ರಕ್ತ, ರಕ್ತಹೀನತೆ, ನುಂಗಲು ತೊಂದರೆ, ನಿದ್ರೆಯಿಂದೆಬ್ಬಿಸುವ ಭೇದಿ, ವಾಂತಿಯ ಜೊತೆ ಹೊಟ್ಟೆಯುಬ್ಬಿ ಗಾಳಿಯೂ ಮಲವೂ ನಿಂತುಹೋಗುವುದು, 50 ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಇವುಗಳಲ್ಲಿ ಯಾವುದಿದ್ದರೂ ಆಹಾರಪ್ರಯೋಗದಲ್ಲಿ ಕಾಲ ಕಳೆಯದೆ ವೈದ್ಯರನ್ನು ಕಾಣಬೇಕು. ಗಾಳಿಯೂ ಮಲವೂ ಒಟ್ಟಿಗೆ ನಿಂತರೆ ಅದು ಕರುಳು ಕಟ್ಟಿರುವ ತುರ್ತುಸ್ಥಿತಿಯಾಗಿರಬಹುದು.

ಔಷಧಗಳ ಮಿತಿ ಹೀಗಿದೆ. ಆಲ್ಫಾ-ಗ್ಯಾಲಾಕ್ಟೊಸಿಡೇಸ್ ಮಾತ್ರೆಯನ್ನು ಮೊದಲ ತುತ್ತಿನ ಜೊತೆಗೇ ತೆಗೆದುಕೊಂಡರೆ ಕಾಳಿನ ಅನಿಲ ತಗ್ಗುತ್ತದೆ, ಈರುಳ್ಳಿಯ ಫ್ರಕ್ಟಾನಿಗೂ ಹಾಲಿಗೂ ಅದು ನಾಟುವುದಿಲ್ಲ. ಹಾಲಿಗೆ ಲ್ಯಾಕ್ಟೇಸ್ ಬೇರೆಯೇ ಸಿಗುತ್ತದೆ. ಸಿಮೆಥಿಕೋನ್ ಸಣ್ಣ ಗುಳ್ಳೆಗಳನ್ನು ಒಡೆದು ದೊಡ್ಡದಾಗಿ ಸೇರಿಸುತ್ತದೆಯೇ ಹೊರತು ಅನಿಲದ ಹುಟ್ಟನ್ನು ತಡೆಯುವುದಿಲ್ಲ. ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್‌ನಂಥವು ಎದೆಯುರಿಗೂ ಹುಣ್ಣಿಗೂ ಸರಿ. ಅಪಾನವಾಯುವಿಗೆ ಅವನ್ನು ವರ್ಷಗಟ್ಟಲೆ ನುಂಗಲು ಕಾರಣವಿಲ್ಲ, ಆಮ್ಲವಿಲ್ಲದ ಜಠರವನ್ನು ದಾಟಿ ಹೋಗುವುದು ಬ್ಯಾಕ್ಟೀರಿಯಗಳಿಗೂ ಸುಲಭವೇ.