ಬೇಸಿಗೆ ರಜೆಯಲ್ಲಿ ಮಾತ್ರೆಗೂ ಬಿಡುವು

ಬ್ರಿಟನ್ನಿನ ನೈಸ್ ಸಂಸ್ಥೆ 2018ರಲ್ಲಿ ಹೊರತಂದ ಎಡಿಎಚ್‌ಡಿ ಮಾರ್ಗಸೂಚಿಯಲ್ಲಿ ಒಂದು ಸಲಹೆಯಿದೆ: ಔಷಧಿಯಿಂದ ಮಗುವಿನ ಎತ್ತರ ಸಾಕಷ್ಟು ಹಿಂದೆ ಬಿದ್ದಿದ್ದರೆ, ಶಾಲೆಯ ರಜೆಯಲ್ಲಿ ಯೋಜಿತ ಬಿಡುವು ಕೊಡುವುದನ್ನು ಯೋಚಿಸಬಹುದು. ಈ ಸಲಹೆ ಎಲ್ಲಿಂದ ಬಂತೆಂದು ಹಳೆಯ ವೈದ್ಯಕೀಯ ಪತ್ರಿಕೆಗಳಲ್ಲಿ ಹುಡುಕಿಕೊಂಡು ಹೋದೆ.

ಜಾಡು ಅಮೆರಿಕಕ್ಕೆ, 1972ಕ್ಕೆ ಹೋಯಿತು. ಡೇನಿಯಲ್ ಸೇಫರ್, ರಿಚರ್ಡ್ ಆ್ಯಲನ್ ಮತ್ತು ಎವೆಲಿನ್ ಬಾರ್ ಸೇರಿ, ಉತ್ತೇಜಕ ಔಷಧಿ ತೆಗೆದುಕೊಳ್ಳುತ್ತಿದ್ದ ಶಾಲಾ ಮಕ್ಕಳ ತೂಕ, ಎತ್ತರಗಳನ್ನು ಹೋಲಿಸಿದ್ದರು. ಬೇಸಿಗೆಯಲ್ಲಿ ಮಾತ್ರೆ ನಿಲ್ಲಿಸಿದವರು ಮುಂದುವರಿಸಿದವರಿಗಿಂತ ಬೇಗ ತುಂಬಿಕೊಂಡಿದ್ದರು. ಆದರೆ ಯಾರು ನಿಲ್ಲಿಸಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸಿರಲಿಲ್ಲ. ಮೊದಲೇ ಚೆನ್ನಾಗಿ ಬೆಳೆಯುತ್ತಿದ್ದ ಮಕ್ಕಳೇ ನಿಲ್ಲಿಸಿದ್ದಿರಬಹುದಲ್ಲ?

ಆ ಅನುಮಾನವನ್ನು ಪರೀಕ್ಷೆಗೆ ಒಡ್ಡಿದ್ದು ರೇಚಲ್ ಕ್ಲೈನ್ ಮತ್ತು ಸಂಗಡಿಗರ 1988ರ ಅಧ್ಯಯನ. ಮೀಥೈಲ್‌ಫೆನಿಡೇಟ್ ಸೇವಿಸುತ್ತಿದ್ದ ಮಕ್ಕಳಲ್ಲಿ ಬೇಸಿಗೆಯಲ್ಲಿ ಯಾರು ನಿಲ್ಲಿಸಬೇಕು, ಯಾರು ಮುಂದುವರಿಸಬೇಕು ಎಂಬುದನ್ನು ಇಲ್ಲಿ ಯಾದೃಚ್ಛಿಕವಾಗಿ ಹಂಚಿದ್ದರು. ಒಂದು ಬೇಸಿಗೆ ಕಳೆದಾಗ ನಿಲ್ಲಿಸಿದವರ ತೂಕ ಹೆಚ್ಚಿತ್ತು, ಎತ್ತರದಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡನೆಯ ಬೇಸಿಗೆಯ ಬಿಡುವಿನ ನಂತರವೇ ಎತ್ತರದಲ್ಲಿ ಅಂತರ ಕಂಡಿತು. ಹಾಗಾಗಿ ಒಂದೇ ರಜೆ ಮುಗಿದ ಕೂಡಲೇ ಮಗುವನ್ನು ಗೋಡೆಗೆ ನಿಲ್ಲಿಸಿ ಅಳೆದು, ಏನೂ ಪ್ರಯೋಜನವಾಗಲಿಲ್ಲ ಎನ್ನುವುದು ಅವಸರದ ತೀರ್ಪು. ಮೊದಲು ನೋಡಬೇಕಾದದ್ದು ತೂಕ.

ತೂಕ ಇಳಿಯುವ ಬಗೆ ಮನೆಯಲ್ಲೇ ಗೊತ್ತಾಗುತ್ತದೆ. ಬೆಳಿಗ್ಗೆ ನುಂಗಿದ ಮಾತ್ರೆ ಮಧ್ಯಾಹ್ನದ ಹಸಿವನ್ನು ಅಡಗಿಸುತ್ತದೆ, ಊಟದ ಡಬ್ಬಿ ತುಂಬಿದಂತೆಯೇ ವಾಪಸ್ ಬರುತ್ತದೆ. ಪರಿಣಾಮ ಇಳಿದ ಮೇಲೆ ರಾತ್ರಿ ಹಸಿವು ಮರಳುತ್ತದೆ. ಅದಕ್ಕೇ ನೈಸ್ ಮಾತ್ರೆಯನ್ನು ಊಟದ ಜೊತೆ ಅಥವಾ ನಂತರ ಕೊಡಲು, ಬೆಳಿಗ್ಗೆ ಬೇಗ ಅಥವಾ ರಾತ್ರಿ ಹೆಚ್ಚುವರಿ ತಿನಿಸು ಕೊಡಲು ಹೇಳುತ್ತದೆ. ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕವರ ತೂಕವನ್ನು ಮೂರು ತಿಂಗಳಿಗೊಮ್ಮೆ, ಎತ್ತರವನ್ನು ಆರು ತಿಂಗಳಿಗೊಮ್ಮೆ ಅಳೆಯಬೇಕು. ಒಂದು ಅಳತೆಗಿಂತ, ಬೆಳವಣಿಗೆಯ ಪಟ್ಟಿಯಲ್ಲಿ ಮಗು ತನ್ನ ಗೆರೆಯಿಂದ ಕೆಳಗಿನ ಗೆರೆಗೆ ಜಾರುತ್ತಿದೆಯೇ ಎಂಬುದೇ ಮುಖ್ಯ.

ಹಸಿವಿನಂತೆ ನಿದ್ದೆಯನ್ನೂ ಈ ಔಷಧಿ ಕೆಡಿಸಬಹುದು; ಅದರ ಜಾಡು ಬ್ರೆಜಿಲ್ಲಿನಲ್ಲಿ ಸಿಕ್ಕಿತು. 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೆಲವು ಮಕ್ಕಳಿಗೆ ವಾರಾಂತ್ಯದಲ್ಲಿ ಮಾತ್ರ ಔಷಧಿಯಿಲ್ಲದ ಹುಸಿಮಾತ್ರೆ ಕೊಟ್ಟಿದ್ದರು. ಅವರಲ್ಲಿ ನಿದ್ರಾಹೀನತೆಯೂ ಹಸಿವಿನ ಕೊರತೆಯೂ ಕಡಿಮೆಯಾದವು. ರೋಗಲಕ್ಷಣಗಳು ಗಮನಾರ್ಹವಾಗಿ ಹೆಚ್ಚಲಿಲ್ಲ.

ಇಷ್ಟರಿಂದ ಎಲ್ಲ ಮಕ್ಕಳಿಗೂ ಬಿಡುವು ಬೇಕೆಂದಾಗುವುದಿಲ್ಲ. ರಸ್ತೆಗೆ ಓಡುವ, ರಜೆಯಲ್ಲೂ ತನ್ನನ್ನು ಹಿಡಿದಿಟ್ಟುಕೊಳ್ಳಲಾಗದ ಮಗುವಿಗೆ ಬಿಡುವೇ ಅಪಾಯ. ಎಡಿಎಚ್‌ಡಿಗೇ ಕೊಡುವ ಕ್ಲೋನಿಡಿನ್, ಗ್ವಾನ್‌ಫಸಿನ್ ಉತ್ತೇಜಕಗಳಲ್ಲ. ಅವನ್ನು ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಏರಬಹುದು. ಆದ್ದರಿಂದ ರಜೆ ಶುರುವಾಗುವ ಮುನ್ನ ವೈದ್ಯರೊಡನೆ ಮಾತಾಡಿ, ಆ ದಿನದ ತೂಕ ಎತ್ತರ ಬರೆದಿಟ್ಟುಕೊಂಡು, ಶಾಲೆ ತೆರೆಯುವ ಮುನ್ನ ಮತ್ತೆ ಅಳೆದು ಹೋಲಿಸಿದರೇನೇ ಅದು ಯೋಜಿತ ಬಿಡುವು.