ಹುಳಿ ಸಾರಿಗೆ ಮಣ್ಣು, ಮಿರ್ಚಿಗೆ ಬೀಡು: ಜಾತ್ರೆಯಲ್ಲಿ ಪಾತ್ರೆ ಕೊಳ್ಳೋ ಮುಂಚೆ ಇದನ್ನ ಓದಿ

ಮೈಲಾರ: ಭರತ ಹುಣ್ಣಿಮೆ ಜಾತ್ರೆಗೆ ಬಂದವರು ಡೆಂಕನಮರಡಿಯಲ್ಲಿ ಕಾರ್ಣಿಕ ಕೇಳಿ, ಹಣೆಗೆ ಭಂಡಾರ ಹಚ್ಚಿಕೊಂಡು ಊರಿಗೆ ಹೊರಡುವಾಗ ಪಾತ್ರೆ ಅಂಗಡಿ ಮುಂದೆ ಒಂದು ಸಲ ನಿಂತೇ ನಿಲ್ತಾರೆ. ಒಂದು ಕಡೆ ಕಪ್ಪು ಬೀಡಿನ ಬಾಣಲೆ, ಇನ್ನೊಂದು ಕಡೆ ಫಳಫಳ ಹೊಳೆಯೋ ಸ್ಟೀಲ್, ಪಕ್ಕದಲ್ಲಿ ಡಬ್ಬಿಯೊಳಗಿನ ನಾನ್‌ಸ್ಟಿಕ್, ನೆಲದ ಮೇಲೆ ಹುಲ್ಲು ಹಾಸಿ ಜೋಡಿಸಿದ ಮಣ್ಣಿನ ಮಡಕೆ. ಅಲ್ಲಿ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: "ಯಾವುದು ಚಲೋ ಅಣ್ಣಾ?"

ಆ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಪಾತ್ರೆ ಯಾವುದು ಅನ್ನೋದಕ್ಕಿಂತ ಅದರಲ್ಲಿ ಏನು ಮಾಡ್ತೀರಿ ಅನ್ನೋದು ಮುಖ್ಯ. ನಮ್ಮ ಕಡೆ ದಿನದ ಅಡುಗೆಯಲ್ಲಿ ಎರಡು ಕೆಲಸ ಹೆಚ್ಚು. ಒಂದು, ಹುಣಸೆಹಣ್ಣು, ಟೊಮೆಟೊ, ಪುಂಡಿಸೊಪ್ಪಿನಂಥ ಹುಳಿ ಬಿದ್ದ ಸಾರು, ಪಲ್ಯ. ಎರಡು, ಮಿರ್ಚಿ, ಬಜ್ಜಿ, ಹಪ್ಪಳದಂಥ ಕರಿದದ್ದು. ಒಂದಕ್ಕೆ ಸರಿಹೋಗೋ ಪಾತ್ರೆ ಇನ್ನೊಂದಕ್ಕೆ ಕೈ ಕೊಡುತ್ತೆ.

ಪುಂಡಿಪಲ್ಯ ಕಪ್ಪಾದ ಕಥೆ

ನಮ್ಮ ಮನೆಯಲ್ಲೇ ಇದು ಗೊತ್ತಾಗಿದ್ದು. ಹೊಸದಾಗಿ ತಂದ ಬೀಡಿನ ಬಾಣಲೆಯಲ್ಲಿ ಅವ್ವ ಪುಂಡಿಪಲ್ಯ ಮಾಡಿ, ರಾತ್ರಿ ಅದರಲ್ಲೇ ಮುಚ್ಚಿಟ್ಟಳು. ಬೆಳಗ್ಗೆ ನೋಡಿದರೆ ಪಲ್ಯ ಕರ್ರಗಾಗಿತ್ತು, ಬಾಯಿಗಿಟ್ಟರೆ ಮೊಳೆ ನೆಕ್ಕಿದ ಹಾಗೆ ರುಚಿ. ಬಾಣಲೆ ಒಳಗಿನ ಕಪ್ಪು ಪದರ ಅಲ್ಲಲ್ಲಿ ಎದ್ದು ಬೂದು ಬಣ್ಣದ ಕಬ್ಬಿಣ ಕಾಣ್ತಿತ್ತು. ಬಾಣಲೆ ಕೆಟ್ಟದ್ದಿದೆ ಅಂತ ಅಂಗಡಿಯವನಿಗೆ ಬೈದದ್ದೂ ಆಯ್ತು. ಆದರೆ ತಪ್ಪು ಬಾಣಲೆಯದ್ದಲ್ಲ.

ಹುಳಿ ಕಬ್ಬಿಣವನ್ನ ಕರಗಿಸುತ್ತೆ. ಕರಗಿದ ಕಬ್ಬಿಣ ಸೊಪ್ಪಿನಲ್ಲಿರೋ ಒಗರಿನ ಜೊತೆ ಸೇರಿದಾಗ ಕಪ್ಪು ಬಣ್ಣ ಬರುತ್ತೆ. ಹೊತ್ತು ಹೆಚ್ಚಾದಷ್ಟು ಕರಗೋದೂ ಹೆಚ್ಚು. ಹತ್ತು ನಿಮಿಷ ಒಗ್ಗರಣೆ ಹಾಕಿ ಬೇರೆ ಪಾತ್ರೆಗೆ ತೆಗೆದರೆ ಏನೂ ಆಗಲ್ಲ, ಊಟದಲ್ಲಿ ಸ್ವಲ್ಪ ಕಬ್ಬಿಣಾಂಶ ಸೇರಿದ್ದು ರಕ್ತ ಕಡಿಮೆ ಇರೋರಿಗೆ ಒಳ್ಳೇದೇ. ಒಂದು ತಾಸು ಕುದಿಸಿದರೆ, ರಾತ್ರಿಯೆಲ್ಲ ಇಟ್ಟರೆ ಮಾತ್ರ ಹೀಗಾಗುತ್ತೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯೂ ಇದನ್ನೇ ಹೇಳುತ್ತೆ: ಚಟ್ನಿ, ಸಾಂಬಾರಿನಂಥ ಹುಳಿ ಪದಾರ್ಥವನ್ನ ಕಬ್ಬಿಣ, ಅಲ್ಯೂಮಿನಿಯಂ, ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಇಡಬಾರದು.

ಹಂಗಂತ ಆ ಬಾಣಲೆ ಬಿಸಾಕಬೇಕಿಲ್ಲ. ತಿಕ್ಕಿ ತೊಳೆದು, ಒಲೆ ಮೇಲಿಟ್ಟು ತೇವ ಪೂರ್ತಿ ಆರಿಸಿ. ಬಟ್ಟೆಯಲ್ಲಿ ನಾಲ್ಕು ಹನಿ ಸೂರ್ಯಕಾಂತಿ ಎಣ್ಣೆ ಹಚ್ಚಿ, ಇನ್ನೊಂದು ಒಣ ಬಟ್ಟೆಯಿಂದ ಎಣ್ಣೆಯೇ ಇಲ್ಲವೇನೋ ಅನ್ನೋವಷ್ಟು ಒರೆಸಿ. ಕಿಟಕಿ ತೆಗೆದಿಟ್ಟು, ಹೊಗೆ ಬಂದು ನಿಲ್ಲೋತನಕ ಕಾಯಿಸಿ, ತಣ್ಣಗಾಗಲು ಬಿಡಿ. ಹೀಗೆ ಮೂರ್ನಾಲ್ಕು ಸಲ ಮಾಡಿದರೆ ಎಣ್ಣೆ ಗಟ್ಟಿಯಾಗಿ ಕಪ್ಪು ಪದರ ಮತ್ತೆ ಕೂರುತ್ತೆ. ಮುಟ್ಟಿದಾಗ ಅಂಟಂಟು ಅನ್ನಿಸಿದರೆ ಎಣ್ಣೆ ಜಾಸ್ತಿ ಆಗಿದೆ ಅಂತ ಅರ್ಥ.

ಮಿರ್ಚಿಗೆ ಮಾತ್ರ ಬೀಡೇ ಯಾಕೆ

ಮಂಡಕ್ಕಿ ಮಿರ್ಚಿ ಅಂಗಡಿಗಳಲ್ಲಿ ದಪ್ಪ ಕಬ್ಬಿಣದ ಬಾಣಲೆ ಕಾಣೋದು ಸುಮ್ಮನೆ ಅಲ್ಲ. ಕರಿಯೋ ಎಣ್ಣೆ ಸುಮಾರು 170ರಿಂದ 190 ಡಿಗ್ರಿ ಸೆಲ್ಸಿಯಸ್ ಇರಬೇಕು. ತಣ್ಣನೆ ಹಿಟ್ಟು ಹತ್ತಿದ ಹತ್ತು ಮೆಣಸಿನಕಾಯಿ ಒಮ್ಮೆಗೇ ಬಿಟ್ಟರೆ ಎಣ್ಣೆಯ ಕಾವು ಧಡಕ್ಕನೆ ಇಳಿಯುತ್ತೆ. ಇಳಿದ ಎಣ್ಣೆಯಲ್ಲಿ ಹಿಟ್ಟು ಬೇಗ ಗಟ್ಟಿಯಾಗಲ್ಲ, ಎಣ್ಣೆ ಕುಡಿಯುತ್ತೆ. ಮಿರ್ಚಿ ಹಿಂಡಿದರೆ ಪೇಪರ್ ತೊಯ್ಯೋದು ಇದಕ್ಕೇ.

ಭಾರದ ಬಾಣಲೆ ತನ್ನ ಮೈಯಲ್ಲಿ ಕಾವು ಹಿಡಿದಿಟ್ಟುಕೊಂಡಿರುತ್ತೆ. ಎಣ್ಣೆ ತಣ್ಣಗಾದ ಕೂಡಲೇ ಅದನ್ನ ವಾಪಸ್ ಕೊಡುತ್ತೆ. ಇಲ್ಲಿ ಲೋಹದ ಹೆಸರಿಗಿಂತ ತೂಕ ಕೆಲಸ ಮಾಡೋದು. ಮೂರು ಕೆಜಿ ಬೀಡಿನ ಬಾಣಲೆಯಲ್ಲಿ ಹತ್ತು ಮಿರ್ಚಿ ಬಿಟ್ಟಾಗ ಇಳಿಯೋದಕ್ಕಿಂತ, ಮುಕ್ಕಾಲು ಕೆಜಿ ತೆಳು ಸ್ಟೀಲ್ ಬಾಣಲೆಯಲ್ಲಿ ಕಾವು ಹೆಚ್ಚು ಇಳಿಯುತ್ತೆ. ಮನೆಯಲ್ಲಿ ತೆಳು ಬಾಣಲೆಯೇ ಇದ್ದರೆ ಒಂದು ಸಲಕ್ಕೆ ನಾಲ್ಕೇ ಬಿಡಿ, ವ್ಯತ್ಯಾಸ ನಿಮಗೇ ಗೊತ್ತಾಗುತ್ತೆ.

ಎಣ್ಣೆ ಕಾದಿದೆಯೋ ಅಂತ ತಿಳಿಯೋಕೆ ಒಂದು ಹನಿ ಹಿಟ್ಟು ಬಿಡಿ. ತಳಕ್ಕೆ ಹೋಗಿ ಅಲ್ಲೇ ಕೂತರೆ ಇನ್ನೂ ಕಾದಿಲ್ಲ. ಗುಳ್ಳೆ ಎಬ್ಬಿಸ್ತಾ ತಕ್ಷಣ ಮೇಲೆದ್ದರೆ ಸರಿ. ಬಿದ್ದ ಕೂಡಲೇ ಕೆಂಪಗಾದರೆ ಕಾವು ಜಾಸ್ತಿ, ಹೊರಗೆ ಸುಟ್ಟು ಒಳಗೆ ಹಸಿ ಉಳಿಯುತ್ತೆ.

ಬೀಡಿಗೂ ಒಂದು ದೌರ್ಬಲ್ಯ ಇದೆ, ಅದು ಪೆಡಸು. ಕಲ್ಲಿನ ಮೇಲೆ ಬಿದ್ದರೆ ಅಥವಾ ಕೆಂಡದಂಥ ಬಾಣಲೆಗೆ ತಣ್ಣೀರು ಸುರಿದರೆ ಸೀಳಬಹುದು. ತಗಡು ಬಡಿದು ಮಾಡಿದ ಕಬ್ಬಿಣದ ಬಾಣಲೆ ಹಾಗೆ ಒಡೆಯಲ್ಲ, ಹಗುರವಾಗೂ ಇರುತ್ತೆ, ಆದರೆ ಕಾವು ಅಷ್ಟು ಹಿಡಿಯಲ್ಲ. ಎರಡನ್ನೂ ಅಂಗಡಿಯಲ್ಲಿ "ಕಬ್ಬಿಣದ್ದು" ಅಂತಲೇ ಕರೀತಾರೆ, ಎತ್ತಿ ನೋಡಿಯೇ ತಗೊಳ್ಳಿ.

ಸ್ಟೀಲ್: ಹುಳಿಗೆ ಹೆದರಲ್ಲ, ತಳ ಹಿಡಿಸುತ್ತೆ

ದಿನಾ ಹುಳಿ ಸಾರು ಕುದಿಸೋಕೆ, ಮಾಡಿದ್ದನ್ನ ಹಾಗೇ ಇಡೋಕೆ ಸ್ಟೀಲ್ ನಿಶ್ಚಿಂತೆ. ಅದರ ತೊಂದರೆ ಬೇರೆ. ಸ್ಟೀಲಿನಲ್ಲಿ ಕಾವು ಸರಾಗವಾಗಿ ಹರಡಲ್ಲ. ಉರಿ ಎಲ್ಲಿ ತಾಗುತ್ತೋ ಅಲ್ಲೇ ಸುಡುತ್ತೆ. ಎಣಗಾಯಿಗೆ ಶೇಂಗಾ, ಎಳ್ಳಿನ ಪುಡಿ ಹಾಕಿದ ಮೇಲೆ ತೆಳು ಸ್ಟೀಲ್ ಪಾತ್ರೆಯ ನಡುವೆ ಉಂಗುರದ ಆಕಾರದಲ್ಲಿ ಸೀದಿರೋದು ನೋಡಿರ್ತೀರಿ. ಅದು ನಿಮ್ಮ ಗ್ಯಾಸ್ ಬರ್ನರಿನ ಅಚ್ಚು.

ಇದಕ್ಕೆ ಮದ್ದು ದಪ್ಪ ತಳ. ಎರಡು ಸ್ಟೀಲ್ ಪದರದ ನಡುವೆ ಅಲ್ಯೂಮಿನಿಯಂ ಇಟ್ಟು ಒತ್ತಿದ ಪಾತ್ರೆ ಸಿಗುತ್ತೆ, ಅದರಲ್ಲಿ ಕಾವು ಎಲ್ಲಾ ಕಡೆ ಹರಡುತ್ತೆ. ಹುರಿಯೋವಾಗ ಅಂಟಬಾರದು ಅಂದರೆ ಖಾಲಿ ಪಾತ್ರೆ ಮೊದಲು ಕಾಯಿಸಿ ಒಂದು ಹನಿ ನೀರು ಹಾಕಿ. ಚುಯ್ ಅಂತ ಆರಿಹೋದರೆ ಇನ್ನೂ ಕಾಯಬೇಕು. ಮಣಿಯ ಹಾಗೆ ಉರುಳಾಡಿದರೆ ಉರಿ ತಗ್ಗಿಸಿ ಎಣ್ಣೆ ಹಾಕಿ.

ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು "ಅಂಟಲ್ಲ ನೋಡ್ರಿ, ಒರಿಜಿನಲ್" ಅಂತಾರೆ. ಅಷ್ಟಕ್ಕೇ ನಂಬಬೇಡಿ. ನಿಕ್ಕಲ್ ಹೆಚ್ಚಿರೋ 304 ಸ್ಟೀಲಿಗೂ ಅಯಸ್ಕಾಂತ ಅಂಟಲ್ಲ, ಕಡಿಮೆ ನಿಕ್ಕಲಿನ ಅಗ್ಗದ 202 ಸ್ಟೀಲಿಗೂ ಅಂಟಲ್ಲ. ತಳದಲ್ಲಿ ಒತ್ತಿದ ನಂಬರ್ ನೋಡಿ, ಬಿಲ್ಲಿನಲ್ಲೂ ಅದನ್ನ ಬರೆಸಿಕೊಳ್ಳಿ.

ನಾನ್‌ಸ್ಟಿಕ್: ದೋಸೆಗೆ ಸೈ, ಕರಿಯೋಕೆ ಬೇಡ

ನಾನ್‌ಸ್ಟಿಕ್ ಅಂದರೆ ಸಾಮಾನ್ಯವಾಗಿ ಅಲ್ಯೂಮಿನಿಯಂ ಮೇಲೆ ಟೆಫ್ಲಾನ್ ಲೇಪ. ಮೊಟ್ಟೆ, ದೋಸೆ, ಕಡಿಮೆ ಎಣ್ಣೆಯ ಪಲ್ಯಕ್ಕೆ ಸುಲಭ, ಹುಳಿಗೂ ಹೆದರಲ್ಲ. ಆದರೆ 260 ಡಿಗ್ರಿ ದಾಟಿದರೆ ಆ ಲೇಪ ಕೆಡೋಕೆ ಶುರುವಾಗುತ್ತೆ, ಇನ್ನೂ ಕಾದರೆ ಕೆಟ್ಟ ಹೊಗೆ ಬಿಡುತ್ತೆ. ಆ ಹೊಗೆಯಿಂದ ಮನುಷ್ಯರಿಗೆ ಜ್ವರ ಬಂದ ಹಾಗಾಗಬಹುದು, ಅದೇ ಮನೆಯಲ್ಲಿ ಪಂಜರದ ಗಿಳಿ ಇದ್ದರೆ ಅದು ಸತ್ತೇ ಹೋಗಬಹುದು.

ಪಲ್ಯದಲ್ಲಿ ನೀರಿನಂಶ ಇರೋತನಕ ಕಾವು ಅಷ್ಟು ಏರಲ್ಲ. ಅಪಾಯ ಇರೋದು ಖಾಲಿ ಪಾತ್ರೆಯನ್ನ ದೊಡ್ಡ ಉರಿಯಲ್ಲಿಟ್ಟು ಫೋನ್ ಹಿಡಿದು ಹೊರಗೆ ಹೋದಾಗ, ಅದಕ್ಕೆ ಕೆಲವು ನಿಮಿಷ ಸಾಕು. ಕಟ್ಟಿಗೆ ಒಲೆ ಮೇಲಂತೂ ಇಡಲೇಬೇಡಿ, ಅಲ್ಲಿ ಉರಿ ನಿಮ್ಮ ಕೈಯಲ್ಲಿರಲ್ಲ. ಮರದ ಸೌಟು ಬಳಸಿ. ಲೇಪ ಕೆರೆದು ಏಳೋಕೆ ಶುರುವಾದರೆ ಆ ಪಾತ್ರೆಯ ಕಾಲ ಮುಗೀತು. ಬೀಡಿನ ಹಾಗೆ ಮನೆಯಲ್ಲಿ ರಿಪೇರಿ ಮಾಡೋಕೆ ಬರಲ್ಲ.

ಮಣ್ಣು: ಅವಸರ ಇಲ್ಲದವರಿಗೆ

ಹುಳಿ ಸಾರಿಗೆ, ಮೀನಿನ ಸಾರಿಗೆ ಮಣ್ಣಿನ ಗಡಿಗೆಯಷ್ಟು ಹೊಂದೋದು ಬೇರೆ ಇಲ್ಲ. ಕಾವು ನಿಧಾನ ಏರುತ್ತೆ, ನಿಧಾನ ಇಳಿಯುತ್ತೆ. ಗ್ಯಾಸ್ ಆರಿಸಿದ ಮೇಲೂ ಸಾರು ಕೊತಕೊತ ಅಂತಿರುತ್ತೆ. ಅದಕ್ಕೇ ಐದು ನಿಮಿಷ ಮುಂಚೆಯೇ ಆರಿಸಿಬಿಡಿ.

ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಡಿದು ನೋಡಿ. ಠಣ್ ಅಂದರೆ ಚೆನ್ನಾಗಿ ಬೆಂದಿದೆ, ಬದ್ ಅಂತ ಸತ್ತ ಸದ್ದು ಬಂದರೆ ಎಲ್ಲೋ ಬಿರುಕಿದೆ ಅಥವಾ ಹಸಿ ಸುಟ್ಟಿದೆ. ಮನೆಗೆ ತಂದು ನೀರು ತುಂಬಿಸಿ ಒಂದು ತಾಸು ಇಡಿ. ಹೊರಮೈ ಎಲ್ಲಾ ಕಡೆ ಸ್ವಲ್ಪ ಬೆವರಿದರೆ ಚಿಂತೆ ಇಲ್ಲ. ಒಂದೇ ಗೆರೆಯಲ್ಲಿ ಒದ್ದೆಯಾದರೆ ಅದು ಬಿರುಕು. ಒಳಗೆ ಬಣ್ಣದ ಹೊಳಪು ಬಳಿದದ್ದು ಅಡುಗೆಗೆ ಬೇಡ, ಕೆಲವು ಹೊಳಪಿನಲ್ಲಿ ಸೀಸ ಇರುತ್ತೆ, ಹುಳಿಗೆ ಅದು ಬಿಡುತ್ತೆ.

ಹೊಸ ಗಡಿಗೆಯನ್ನ ಒಂದು ರಾತ್ರಿ ನೀರಲ್ಲಿ ಮುಳುಗಿಸಿಟ್ಟು, ನೆರಳಲ್ಲಿ ಆರಿಸಿ, ಅಕ್ಕಿ ತೊಳೆದ ನೀರು ಹಾಕಿ ಸಣ್ಣ ಉರಿಯಲ್ಲಿ ಕುದಿಸಿ. ಆಮೇಲೂ ಪ್ರತಿ ಸಲ ಮೊದಲ ಐದು ನಿಮಿಷ ಸಣ್ಣ ಉರಿಯೇ ಇರಲಿ. ಖಾಲಿ ಕಾಯಿಸಬೇಡಿ, ಬಿಸಿ ಗಡಿಗೆಗೆ ತಣ್ಣೀರು ಹಾಕಬೇಡಿ, ಒದ್ದೆ ಕಟ್ಟೆ ಮೇಲೆ ಇಳಿಸದೆ ಸಿಂಬಿ ಮೇಲೆ ಇಡಿ. ಸೋಪು ಹಾಕಿದರೆ ಮಣ್ಣು ಹೀರುತ್ತೆ, ಮುಂದಿನ ಸಾರಲ್ಲಿ ವಾಸನೆ ಬರುತ್ತೆ. ಬಿಸಿನೀರು, ತೆಂಗಿನ ನಾರು ಸಾಕು.

ಒಂದು ಮಾತು ಮರೀಬೇಡಿ: ಮಣ್ಣಿನ ಪಾತ್ರೆಯಲ್ಲಿ ಎಣ್ಣೆ ತುಂಬಿ ಕರಿಯಬೇಡಿ. ನೀರು ಇದ್ದಾಗ ಸೀಳಿದರೆ ಸಾರು ಹೋಗುತ್ತೆ, ಅಷ್ಟೇ. ಕಾದ ಎಣ್ಣೆ ಇದ್ದಾಗ ಸೀಳಿದರೆ ಎಣ್ಣೆ ಸೀದಾ ಉರಿ ಮೇಲೆ ಬೀಳುತ್ತೆ.

ಒಟ್ಟಿಗೆ ನಾಲ್ಕು ಕೊಳ್ಳೋದು ಬೇಡ

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಎರಡೇ ಸಾಕು: ಕರಿಯೋಕೆ, ಹುರಿಯೋಕೆ ಒಂದು ಬೀಡಿನ ಬಾಣಲೆ, ಸಾರಿಗೆ ಒಂದು ದಪ್ಪ ತಳದ ಸ್ಟೀಲ್ ಪಾತ್ರೆ. ಗಡಿಗೆ ಆಮೇಲೆ ತಗೊಳ್ಳಿ. ಕರೆಂಟಿನ ಇಂಡಕ್ಷನ್ ಒಲೆ ಇರೋರು ನೆನಪಿಡಿ, ಅದರ ಮೇಲೆ ಮಣ್ಣು ಕಾಯೋದೇ ಇಲ್ಲ, ಬೀಡು ಚೆನ್ನಾಗಿ ಕಾಯುತ್ತೆ. ಸ್ಟೀಲಿಗೆ ಮಾತ್ರ ತಳಕ್ಕೆ ಅಯಸ್ಕಾಂತ ಅಂಟಬೇಕು. ಅಂಗಡಿಯ ಅಯಸ್ಕಾಂತ ನಿಜವಾಗಿ ಉಪಯೋಗಕ್ಕೆ ಬರೋದು ಅಲ್ಲಿ.

ಅಂಗಡಿಯವರಿಗೂ ಒಂದು ಮಾತು. ಬೀಡಿನ ಬಾಣಲೆ ಮಾರುವಾಗ "ಹುಳಿ ಪದಾರ್ಥ ಇದರಲ್ಲಿ ಇಡಬೇಡಿ ಅಕ್ಕಾ" ಅಂತ ಒಂದು ಮಾತು ಹೇಳಿ ಕಳಿಸಿ. ನಮ್ಮ ಅವ್ವನ ಹಾಗೆ ಮಾರನೇ ದಿನ ಬಂದು ಬೈಯ್ಯೋರು ಕಡಿಮೆ ಆಗ್ತಾರೆ. ಅವ್ವ ಈಗ ಅದೇ ಬಾಣಲೆಯಲ್ಲಿ ಮಿರ್ಚಿ ಕರೀತಾಳೆ, ಪುಂಡಿಪಲ್ಯ ಗಡಿಗೆಗೆ ಹೋಗಿದೆ.